ಒಂದು ರಾಜೀನಾಮೆ, ನಾಲ್ಕು ತಾರೀಖು: ತೊಂಬತ್ತು ದಿನದ ನೋಟಿಸ್‌ನಲ್ಲಿ ಕೊನೆಯ ದಿನ ಹುಡುಕುವುದು ಹೇಗೆ

ಪುಣೆಯ ವಾಕಡ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿದ್ದಾನೆ. ಹಿಂಜವಡಿಯ ಒಂದು ಕಂಪನಿಯಲ್ಲಿ ಐದು ವರ್ಷಕ್ಕೆ ಹತ್ತಿರ ಹತ್ತಿರ ಕೆಲಸ ಮಾಡಿ, 2025ರ ನವೆಂಬರ್ 17, ಸೋಮವಾರ ರಾಜೀನಾಮೆ ಕೊಟ್ಟ. ಎರಡು ದಿನ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗೆ ಬಂದ. ನಾನು ಹದಿನಾಲ್ಕು ವರ್ಷದಿಂದ ಪೇರೋಲ್ ಕೆಲಸದಲ್ಲಿರುವುದು ಅವನಿಗೆ ಗೊತ್ತು.

"ಅಕ್ಕಾರ, ಕೊಟ್ಟದ್ದು ಒಂದ ರಾಜೀನಾಮಿ, ಬಂದದ್ದು ನಾಕ ತಾರೀಖು. ಯಾವದ ಖರೆ ಹಿಡೀಲಿ?"

ಅವನ ಜೊತೆಗಾರ ಬೆರಳೆಣಿಸಿ ಫೆಬ್ರುವರಿ 14 ಅಂದಿದ್ದ. ಮ್ಯಾನೇಜರ್ 15 ಅಂದಿದ್ದರು. ಕಂಪನಿಯ ಪೋರ್ಟಲ್ 17 ಎಂದು ತೋರಿಸುತ್ತಿತ್ತು. ಎಚ್‌ಆರ್ ಹುಡುಗಿ ಫೋನಿನಲ್ಲಿ, 14 ಮತ್ತು 15 ಶನಿವಾರ, ಭಾನುವಾರ, ಆದ್ದರಿಂದ 13ಕ್ಕೇ ಮುಗಿಸಿಬಿಡೋಣ ಅಂದಿದ್ದಳು. ಇವನೋ ಹೊಸ ಕಂಪನಿಗೆ ಫೆಬ್ರುವರಿ 16, ಸೋಮವಾರ ಸೇರುತ್ತೇನೆಂದು ಒಪ್ಪಿಕೊಂಡು ಕೂತಿದ್ದ.

ಈ ನಾಲ್ವರಲ್ಲಿ ಯಾರೂ ಲೆಕ್ಕ ತಪ್ಪಿರಲಿಲ್ಲ. ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಹೇಳಿದ್ದರು. ತೊಂಬತ್ತು ದಿನ ಎಣಿಸುವುದು ಮಗುವಿಗೂ ಬರುತ್ತದೆ. ಎಲ್ಲಿಂದ ಎಣಿಸಬೇಕು, ದಿನವನ್ನೋ ತಿಂಗಳನ್ನೋ, ಎಣಿಕೆ ಮುಗಿದ ದಿನ ಆಫೀಸು ಇಲ್ಲದಿದ್ದರೆ ಏನು ಎಂಬಲ್ಲೇ ತಕರಾರು ಹುಟ್ಟುವುದು. ಅವನ ಲೆಕ್ಕವನ್ನು ನಾವಿಬ್ಬರೂ ಕೂತು ಬಿಡಿಸಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ನಿಮ್ಮ ತಾರೀಖು ಹಾಕಿಕೊಂಡು ಜೊತೆಗೇ ಮಾಡುತ್ತಾ ಹೋಗಿ.

ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆಯಿರಿ

ಕ್ಯಾಲೆಂಡರ್ ಆಮೇಲೆ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಪತ್ರದಲ್ಲಿ ನೋಟಿಸ್ ಬಗ್ಗೆ ಒಂದೆರಡು ಸಾಲು ಇರುತ್ತದೆ. ನಡುವೆ ಬಡ್ತಿ ಸಿಕ್ಕಿದ್ದರೆ ಆ ಪತ್ರವನ್ನೂ ನೋಡಿ, ಮೊದಲು ಮೂವತ್ತೋ ಅರವತ್ತೋ ಇದ್ದದ್ದನ್ನು ಅಲ್ಲಿ ತೊಂಬತ್ತು ಮಾಡಿರುವುದುಂಟು. ಆ ಸಾಲಿನಲ್ಲಿ ಮೂರು ಪದ ಹುಡುಕಬೇಕು.

ಒಂದು, ಅಲ್ಲಿರುವುದು "90 ದಿನ"ವೋ "ಮೂರು ತಿಂಗಳೋ" ಎಂಬುದು. ಮಾತಿನಲ್ಲಿ ಎರಡೂ ಒಂದೇ ಎನ್ನುತ್ತೇವೆ, ಕ್ಯಾಲೆಂಡರಿನಲ್ಲಿ ಒಂದೇ ಅಲ್ಲ. ಎರಡು, ಎಣಿಕೆ ಶುರುವಾಗುವುದು ರಾಜೀನಾಮೆ ಕೊಟ್ಟ ದಿನದಿಂದಲೋ, ಅದು ಕಂಪನಿಗೆ ತಲುಪಿದ ದಿನದಿಂದಲೋ, ಅಂಗೀಕಾರವಾದ ದಿನದಿಂದಲೋ. ಮೂರು, "ಕೆಲಸದ ದಿನಗಳು" ಎಂಬ ಮಾತು ಎಲ್ಲಾದರೂ ಇದೆಯೇ. ಇದು ಅಪರೂಪ. ಹಾಗೆ ಬರೆದಿಲ್ಲದಿದ್ದರೆ ಶನಿವಾರ, ಭಾನುವಾರ, ಸಂಕ್ರಾಂತಿ, ಗಣರಾಜ್ಯೋತ್ಸವ ಎಲ್ಲವನ್ನೂ ಸೇರಿಸಿಯೇ ತೊಂಬತ್ತು. ಬರೆದಿದ್ದರೆ ಲೆಕ್ಕವೇ ಬೇರೆ: ವಾರಕ್ಕೆ ಐದು ದಿನದ ಕೆಲಸದಲ್ಲಿ ತೊಂಬತ್ತು ಕೆಲಸದ ದಿನ ಎಂದರೆ ಹದಿನೆಂಟು ವಾರ, ಅಂದರೆ 126 ದಿನ, ನಡುವಿನ ರಜೆಗಳು ಅದಕ್ಕೆ ಮೇಲೆ.

ನಮ್ಮ ಹುಡುಗನ ಪತ್ರದಲ್ಲಿ ಇದ್ದದ್ದು ಹೀಗೆ: ರಾಜೀನಾಮೆಯ ತಾರೀಖಿನಿಂದ 90 ದಿನಗಳ ನೋಟಿಸ್. ತಿಂಗಳು ಎಂಬ ಪದವೇ ಇರಲಿಲ್ಲ. ಪೋರ್ಟಲ್ ಹೇಳಿದ 17 ಎಲ್ಲಿಂದ ಬಂತು ಎಂಬುದು ಅಲ್ಲಿಗೇ ತಿಳಿದುಹೋಯಿತು. ಪೋರ್ಟಲ್‌ನಲ್ಲಿ ಯಾರೋ ನೋಟಿಸ್ ಅವಧಿಯನ್ನು "3 ತಿಂಗಳು" ಎಂದು ತುಂಬಿಟ್ಟಿದ್ದರು. ನವೆಂಬರ್ 17ರಿಂದ ಫೆಬ್ರುವರಿ 17ಕ್ಕೆ 92 ದಿನ. ಎರಡು ದಿನ ಹೆಚ್ಚು.

ಈ ವ್ಯತ್ಯಾಸ ಎಲ್ಲ ತಿಂಗಳಲ್ಲೂ ಒಂದೇ ಥರ ಇರುವುದಿಲ್ಲ. ಜುಲೈ 1ರಿಂದ ಅಕ್ಟೋಬರ್ 1ಕ್ಕೆ 92 ದಿನ, ಏಪ್ರಿಲ್ 1ರಿಂದ ಜುಲೈ 1ಕ್ಕೆ 91. ಡಿಸೆಂಬರ್ 1ರಿಂದ ಮಾರ್ಚ್ 1ಕ್ಕೆ ಸರಿಯಾಗಿ 90, ಅಲ್ಲಿ ಜಗಳವೇ ಇಲ್ಲ. ಫೆಬ್ರುವರಿ 1ರಿಂದ ಮೇ 1ಕ್ಕೆ 89 ಮಾತ್ರ, ಅಂದರೆ ಮೂರು ತಿಂಗಳೇ ತೊಂಬತ್ತು ದಿನಕ್ಕಿಂತ ಚಿಕ್ಕದು. (ಅಧಿಕ ವರ್ಷವಾದರೆ ಫೆಬ್ರುವರಿ 29ನ್ನು ದಾಟುವ ಎಣಿಕೆಗೆ ಒಂದು ಕೂಡಿಸಿ.) ಹೀಗಾಗಿ "ಪೋರ್ಟಲ್ ಯಾವಾಗಲೂ ಎರಡು ದಿನ ಜಾಸ್ತಿ ತೋರಿಸುತ್ತದೆ" ಎಂದು ಗೆಳೆಯರು ಹೇಳಿದ್ದನ್ನು ನಂಬಿ ಕಳೆಯಲು ಹೋಗಬೇಡಿ, ನಿಮ್ಮ ತಾರೀಖಿಗೆ ನೀವೇ ಎಣಿಸಿ.

ಎಣಿಕೆಯ ಮೊದಲ ದಿನ ಯಾವುದು

14 ಮತ್ತು 15ರ ನಡುವಿನ ಜಗಳ ಇಷ್ಟೇ: ರಾಜೀನಾಮೆ ಕೊಟ್ಟ 17ನೇ ತಾರೀಖೇ ಒಂದನೇ ದಿನವೋ, ಮರುದಿನ 18 ಒಂದನೇ ದಿನವೋ?

ಕೈಯಲ್ಲಿ ಎಣಿಸಿ ನೋಡೋಣ. 17ನ್ನೂ ಸೇರಿಸಿದರೆ ನವೆಂಬರ್‌ನಲ್ಲಿ 17ರಿಂದ 30ರವರೆಗೆ 14 ದಿನ. ಡಿಸೆಂಬರಿನ 31 ಸೇರಿ 45. ಜನವರಿಯ 31 ಸೇರಿ 76. ತೊಂಬತ್ತಕ್ಕೆ ಇನ್ನು 14 ಬೇಕು, ಅಂದರೆ ಫೆಬ್ರುವರಿ 14. ಇನ್ನು 17ನ್ನು ಬಿಟ್ಟು 18ರಿಂದ ಶುರುಮಾಡಿದರೆ ನವೆಂಬರಿಗೆ 13, ಡಿಸೆಂಬರ್ ಮುಗಿದಾಗ 44, ಜನವರಿ ಮುಗಿದಾಗ 75, ಇನ್ನು 15 ಬೇಕು. ಫೆಬ್ರುವರಿ 15.

ಪತ್ರದಲ್ಲಿ "ಇಂಥ ತಾರೀಖಿನಿಂದ" ಎಂದಿದ್ದರೆ ನಾನು ಆ ತಾರೀಖನ್ನು ಬಿಟ್ಟು ಮರುದಿನದಿಂದ ಎಣಿಸುತ್ತೇನೆ. ಇದಕ್ಕೊಂದು ಹಿನ್ನೆಲೆ ಇದೆ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 9ನೇ ಕಲಮಿನ ಪ್ರಕಾರ, ಕಾಯ್ದೆಯಲ್ಲಿ "ಇಂದ" ಎಂಬರ್ಥದ ಪದ ಬಳಸಿದರೆ ಸಾಲಿನ ಮೊದಲ ದಿನವನ್ನು ಬಿಡಬೇಕು. ಆ ಕಲಮು ಇರುವುದು ಕೇಂದ್ರದ ಕಾಯ್ದೆಗಳಿಗೆ. ಖಾಸಗಿ ಕಂಪನಿಯ ನೇಮಕಾತಿ ಪತ್ರವನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ದಿನ ಎಣಿಸುವ ವಾಡಿಕೆಯ ರೀತಿ ಅದೇ. ರಾಜೀನಾಮೆಯನ್ನು ಸಂಜೆ ಆರಕ್ಕೆ ಕಳಿಸಿ ಆ ದಿನವನ್ನೂ ಪೂರ್ತಿ ನೋಟಿಸ್ ದಿನ ಎಂದು ಲೆಕ್ಕ ಹಾಕುವುದಕ್ಕೆ ಕಂಪನಿ ಒಪ್ಪದಿದ್ದರೆ ಅದರಲ್ಲಿ ಅನ್ಯಾಯವೇನೂ ಇಲ್ಲ. ಕೆಲವು ಕಂಪನಿಗಳ ಪಾಲಿಸಿಯಲ್ಲಿ ರಾಜೀನಾಮೆಯ ದಿನವೂ ಸೇರಿದಂತೆ ಎಂದು ಬರೆದಿರುತ್ತಾರೆ. ಹಾಗಿದ್ದರೆ ಅದೇ ನಡೆಯುತ್ತದೆ. ಅವನ ಕಂಪನಿಯ ಪಾಲಿಸಿಯಲ್ಲಿ ಅಂಥ ಸಾಲು ಇರಲಿಲ್ಲ. ಹಾಗಾಗಿ 15.

ಎಣಿಸಿದ್ದು ಸರಿಯೇ ಎಂದು ನೋಡಲು ಒಂದು ಸುಲಭದ ತಾಳೆ ಇದೆ. ತೊಂಬತ್ತು ಎಂದರೆ ಹನ್ನೆರಡು ವಾರ, ಮೇಲೆ ಆರು ದಿನ. ಆದ್ದರಿಂದ ರಾಜೀನಾಮೆಯ ದಿನವನ್ನು ಬಿಟ್ಟು ಎಣಿಸಿದರೆ ಕೊನೆಯ ದಿನ ಬರುವುದು ವಾರದಲ್ಲಿ ರಾಜೀನಾಮೆ ಕೊಟ್ಟ ದಿನದ ಹಿಂದಿನ ದಿನಕ್ಕೆ: ಸೋಮವಾರ ಕೊಟ್ಟರೆ ಭಾನುವಾರ, ಬುಧವಾರ ಕೊಟ್ಟರೆ ಮಂಗಳವಾರ. ಸೇರಿಸಿ ಎಣಿಸಿದರೆ ಇನ್ನೂ ಒಂದು ಹಿಂದೆ: ಸೋಮವಾರಕ್ಕೆ ಶನಿವಾರ. ನಿಮಗೆ ಬಂದ ಉತ್ತರ ವಾರದ ಈ ದಿನಕ್ಕೆ ಹೊಂದದಿದ್ದರೆ ಯಾವುದೋ ತಿಂಗಳನ್ನು ಮೂವತ್ತೆಂದು ಹಿಡಿದಿದ್ದೀರಿ.

ಇದನ್ನು ತಿರುಗಿಸಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಸೋಮವಾರ ಪೇಪರ್ ಹಾಕಿದವರ ನೋಟಿಸ್ ಯಾವ ರೀತಿ ಎಣಿಸಿದರೂ ವಾರಾಂತ್ಯದಲ್ಲೇ ಮುಗಿಯುತ್ತದೆ. ಶನಿ, ಭಾನು ಎರಡೂ ದಿನ ರಜೆ ಮಾಡಿ ತಲೆತಂಪಾಗಿ ಯೋಚಿಸಿ ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಡುವವರೇ ಹೆಚ್ಚು, ಆದ್ದರಿಂದ ಈ ತೊಡಕು ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತದೆ. ತಾರೀಖು ನಿಮ್ಮ ಕೈಯಲ್ಲಿದ್ದರೆ ಗುರುವಾರವೋ ಶುಕ್ರವಾರವೋ ಕೊಡಿ. ಎಣಿಕೆ ಯಾವ ರೀತಿಯದಾದರೂ ವಾರದ ನಡುವೆ ಮುಗಿಯುತ್ತದೆ.

ಯಾವ ತಾರೀಖು ದಾಖಲಾಗಿದೆ

ಅವನು ಪೋರ್ಟಲ್‌ನಲ್ಲಿ ಬಟನ್ ಒತ್ತಿದ್ದು 17ಕ್ಕೆ, ಅದೇ ಹೊತ್ತಿಗೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಮೇಲ್ ಕಳಿಸಿದ್ದ. ಇದು ಅವನು ಮಾಡಿದ ಅತಿ ಒಳ್ಳೆಯ ಕೆಲಸ. ಎಷ್ಟೋ ಜನ ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಹೇಳಿ, "ಒಂದು ವಾರ ತಡಿ, ಮಾತಾಡೋಣ" ಎಂದದ್ದಕ್ಕೆ ತಡೆದು, ಆ ವಾರವನ್ನೂ ನೋಟಿಸ್‌ನಲ್ಲಿ ಎಣಿಸಿಕೊಳ್ಳುತ್ತಾರೆ. ಬರಹದಲ್ಲಿ ಇಲ್ಲದ ದಿನವನ್ನು ಪೇರೋಲ್‌ನವರು ಹಿಡಿಯುವುದಿಲ್ಲ. ಕೆಲವು ಪೋರ್ಟಲ್‌ಗಳು ಮ್ಯಾನೇಜರ್ ಒಪ್ಪಿಗೆ ಒತ್ತಿದ ದಿನದಿಂದ ಎಣಿಸುವಂತೆ ಇರುತ್ತವೆ. ನಮ್ಮ ಹುಡುಗನ ಮ್ಯಾನೇಜರ್ ಒತ್ತಿದ್ದು 24ಕ್ಕೆ. ಹಾಗೆ ಎಣಿಸಿದ್ದರೆ ಕೊನೆಯ ದಿನ ಫೆಬ್ರುವರಿ 22 ಆಗುತ್ತಿತ್ತು. ಪತ್ರದಲ್ಲಿ "ಅಂಗೀಕಾರದ ದಿನದಿಂದ" ಎಂದು ಇಲ್ಲದಿದ್ದರೆ ಆ ಏಳು ದಿನವನ್ನು ಬಿಟ್ಟುಕೊಡಬೇಡಿ, ನಿಮ್ಮ ಮೇಲ್‌ನ ತಾರೀಖು ತೋರಿಸಿ ಕೇಳಿ.

ಇನ್ನೊಂದು ಸಣ್ಣದು. ಪೋರ್ಟಲ್ ಅಮೆರಿಕದ ಸಮಯದಲ್ಲಿ ಓಡುತ್ತಿದ್ದರೆ ನಮ್ಮ ಸೋಮವಾರ ಬೆಳಿಗ್ಗೆ ಅಲ್ಲಿ ಭಾನುವಾರ ರಾತ್ರಿ. ದಾಖಲೆಯಲ್ಲಿ 16 ಎಂದು ಬಿದ್ದಿರಬಹುದು. ಒತ್ತಿದ ಕೂಡಲೆ ಯಾವ ತಾರೀಖು ತೋರಿಸುತ್ತಿದೆ ಎಂದು ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಎಕ್ಸೆಲ್‌ನಲ್ಲಿ

ರಾಜೀನಾಮೆಯ ತಾರೀಖನ್ನು `A2`ನಲ್ಲಿ ಹಾಕಿ. ಕೈಯಲ್ಲಿ ಟೈಪ್ ಮಾಡದೆ `=DATE(2025,11,17)` ಎಂದು ಬರೆದರೆ ಒಳ್ಳೆಯದು. ಯಂತ್ರ ಅಮೆರಿಕದ ರೂಢಿಯಲ್ಲಿದ್ದರೆ 17/11/2025 ಅದಕ್ಕೆ ತಾರೀಖೇ ಅಲ್ಲ, ಕೂಡಿಸಿದರೆ `#VALUE!` ಬರುತ್ತದೆ. ಅದಾದರೂ ಕಣ್ಣಿಗೆ ಬೀಳುವ ತಪ್ಪು. 05/11/2025 ಎಂದು ಹಾಕಿದರೆ ಸದ್ದಿಲ್ಲದೆ ಮೇ 11 ಮಾಡಿಕೊಂಡು, ನೋಡಲು ಸರಿಯಾಗಿಯೇ ಕಾಣುವ ತಪ್ಪು ಉತ್ತರ ಕೊಡುತ್ತದೆ.

```
=A2+89
=A2+90
=EDATE(A2,3)
```

ಮೊದಲನೆಯದು ರಾಜೀನಾಮೆಯ ದಿನವನ್ನು ಸೇರಿಸಿದ್ದು, ಎರಡನೆಯದು ಬಿಟ್ಟದ್ದು, ಮೂರನೆಯದು ಮೂರು ತಿಂಗಳ ಲೆಕ್ಕ. ಉತ್ತರ 46068ರಂಥ ಸಂಖ್ಯೆಯಾಗಿ ಬಂದರೆ ಗಾಬರಿ ಬೇಡ, ಆ ಚೌಕದ ಫಾರ್ಮ್ಯಾಟ್ ತಾರೀಖಿಗೆ ಬದಲಿಸಿದರೆ ಸರಿಹೋಗುತ್ತದೆ.

ನೋಟಿಸ್ ಮುಗಿಯುವ ತಾರೀಖು `B2`ನಲ್ಲಿದೆ, ನಿಮ್ಮ ಆಫೀಸಿನ ರಜಾಪಟ್ಟಿ `H2`ರಿಂದ `H20`ರವರೆಗೆ ಇದೆ ಎಂದುಕೊಳ್ಳಿ. ಆ ತಾರೀಖಿನಂದೋ ಅದಕ್ಕೆ ಹಿಂದೆಯೋ ಬರುವ ಕೊನೆಯ ಕೆಲಸದ ದಿನ ಇದರಿಂದ ಸಿಗುತ್ತದೆ:

```
=WORKDAY(B2+1,-1,H2:H20)
=WORKDAY.INTL(B2+1,-1,11,H2:H20)
```

ಶನಿವಾರವೂ ಆಫೀಸು ಇರುವವರಿಗೆ ಎರಡನೆಯ ಸಾಲು. ಅದರಲ್ಲಿನ 11 ಎಂದರೆ ಭಾನುವಾರ ಒಂದೇ ವಾರದ ರಜೆ ಎಂದು. ನಮ್ಮ ಲೆಕ್ಕದಲ್ಲಿ ಮೊದಲ ಸಾಲು ಕೊಟ್ಟದ್ದು ಫೆಬ್ರುವರಿ 13, ಶುಕ್ರವಾರ. ಎಚ್‌ಆರ್ ಹುಡುಗಿ ಹೇಳಿದ್ದೂ ಅದೇ.

ಭಾನುವಾರ ಮುಗಿಯುವ ನೋಟಿಸ್

ಇಲ್ಲಿ ಅವನನ್ನು ಸ್ವಲ್ಪ ಹೊತ್ತು ಹಿಡಿದು ಕೂರಿಸಿದೆ. ಅವನಿಗೆ 13 ಎಂದರೆ ಖುಷಿಯೇ: "ಎರಡ ದಿನಾ ಮೊದ್ಲ ಬಿಟ್ಟರ ಊರಿಗಿ ಹೋಗಿ ಬರತೇನ್ರಿ." ನಾನು ಕೇಳಿದೆ, ಕೆಲಸಕ್ಕೆ ಸೇರಿದ್ದು ಎಂದು? 2021ರ ಫೆಬ್ರುವರಿ 15.

ಗ್ರಾಚ್ಯುಟಿಗೆ ಐದು ವರ್ಷದ ನಿರಂತರ ಸೇವೆ ಬೇಕು. 2021ರ ಫೆಬ್ರುವರಿ 15ಕ್ಕೆ ಸೇರಿದವನಿಗೆ ಐದು ವರ್ಷ ತುಂಬುವುದು 2026ರ ಫೆಬ್ರುವರಿ 14ರ ರಾತ್ರಿ. 15ಕ್ಕೆ ಬಿಡುಗಡೆಯಾದರೆ ಐದು ವರ್ಷ, ಒಂದು ದಿನ. 13ಕ್ಕೆ ಬಿಡುಗಡೆಯಾದರೆ ಒಂದು ದಿನ ಕಡಿಮೆ. ಗ್ರಾಚ್ಯುಟಿಗೆ ಹಿಡಿಯುವ ತಿಂಗಳ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದಾಗ ಸುಮಾರು 1,15,385 ರೂಪಾಯಿ. ಐದನೆಯ ವರ್ಷದಲ್ಲಿ 240 ದಿನ ತುಂಬಿದ್ದರೂ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಎಲ್ಲ ಕಂಪನಿಗಳೂ ತಾವಾಗಿಯೇ ಅದನ್ನು ಪಾಲಿಸುವುದಿಲ್ಲ. ವಾದ ಮಾಡಿ ಪಡೆಯುವುದಕ್ಕಿಂತ ತಾರೀಖನ್ನೇ ಸರಿಯಾಗಿ ಬರೆಸಿಕೊಳ್ಳುವುದು ಹಗುರ.

ಹಾಗೆ ಬರೆಸುವುದು ಕಷ್ಟವೇನಲ್ಲ, ಎರಡು ತಾರೀಖನ್ನು ಬೇರೆ ಬೇರೆಯಾಗಿ ನೋಡಿದರೆ ಆಯಿತು. ಆಫೀಸಿಗೆ ಹೋಗಿ ಲ್ಯಾಪ್‌ಟಾಪ್, ಐಡಿ ಕಾರ್ಡ್ ಒಪ್ಪಿಸುವ ದಿನ ಒಂದು. ಕಂಪನಿಯೊಂದಿಗಿನ ನೌಕರಿ ಮುಗಿಯುವ ದಿನ, ಅಂದರೆ ರಿಲೀವಿಂಗ್ ಡೇಟ್, ಇನ್ನೊಂದು. ಸಂಬಳ, ಸೇವಾವಧಿ, ಪಿಎಫ್‌ನಲ್ಲಿ ನೌಕರಿ ಬಿಟ್ಟ ತಾರೀಖು ಇವೆಲ್ಲ ನಿಲ್ಲುವುದು ಎರಡನೆಯದರ ಮೇಲೆ. ಶುಕ್ರವಾರ 13ಕ್ಕೆ ಸಾಮಾನು ಒಪ್ಪಿಸಿ, ಭಾನುವಾರ 15 ರಿಲೀವಿಂಗ್ ಡೇಟ್ ಎಂದು ಬರೆಸಿಕೊಂಡರೆ ಶನಿ, ಭಾನುವಾರದ ಸಂಬಳವೂ ಬರುತ್ತದೆ, ಐದು ವರ್ಷವೂ ತುಂಬುತ್ತದೆ, 16ಕ್ಕೆ ಹೊಸ ಕಡೆ ಸೇರಿದರೆ ಪಿಎಫ್ ದಾಖಲೆಯಲ್ಲಿ ಎರಡು ನೌಕರಿ ಒಂದರ ಮೇಲೊಂದು ಬೀಳುವುದೂ ಇಲ್ಲ. 17 ಎಂದೇ ಉಳಿದಿದ್ದರೆ 16 ಮತ್ತು 17 ಎರಡೂ ದಿನ ಅವನು ಎರಡೂ ಕಂಪನಿಯ ನೌಕರ ಎಂದು ದಾಖಲಾಗುತ್ತಿತ್ತು.

ಕೆಲವು ಕಡೆ ಭಾನುವಾರ ಬೇಡ ಎಂದು ಸೋಮವಾರಕ್ಕೆ ತಳ್ಳುತ್ತಾರೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಸರಿ. ಇಲ್ಲದಿದ್ದರೆ ತೊಂಬತ್ತೊಂದನೆಯ ದಿನ ನೀವು ಕೊಡಬೇಕಾದ ನೋಟಿಸ್‌ನ ಭಾಗವಲ್ಲ ಎಂದು ನಯವಾಗಿ ಹೇಳಬಹುದು.

ನಡುವೆ ರಜೆ ಹಾಕಿದರೆ

ನೋಟಿಸ್ ಅವಧಿಯಲ್ಲಿ ತೆಗೆದುಕೊಂಡ ರಜೆಯಷ್ಟು ದಿನ ಕೊನೆಯ ದಿನವನ್ನು ಮುಂದೂಡುವ ಪಾಲಿಸಿ ಕೆಲವು ಕಂಪನಿಗಳಲ್ಲಿದೆ. ಹೆಚ್ಚಾಗಿ ಸಂಬಳವಿಲ್ಲದ ರಜೆಗೆ. ರಜೆ ಹಾಕುವ ಮೊದಲೇ ಕೇಳಿ, ಮತ್ತು ಮುಂದೂಡುವುದು ಕ್ಯಾಲೆಂಡರ್ ದಿನದ ಲೆಕ್ಕವೋ ಕೆಲಸದ ದಿನದ್ದೋ ಎಂಬುದನ್ನೂ ಕೇಳಿ. ಇವನು ಜನವರಿಯಲ್ಲಿ ಮೂರು ದಿನ ಹಾಕಿದ್ದರೆ ಎರಡೂ ಲೆಕ್ಕದಲ್ಲಿ ಫೆಬ್ರುವರಿ 18, ಬುಧವಾರವೇ ಬರುತ್ತಿತ್ತು. ನಾಲ್ಕು ದಿನ ಹಾಕಿದ್ದರೆ ಬೇರೆಯಾಗುತ್ತಿತ್ತು: ಕ್ಯಾಲೆಂಡರ್ ಲೆಕ್ಕದಲ್ಲಿ 19, ಆದರೆ ಅಂದು ಮಹಾರಾಷ್ಟ್ರದಲ್ಲಿ ಶಿವಾಜಿ ಜಯಂತಿಯ ರಜೆ, ಆದ್ದರಿಂದ ಕೆಲಸದ ದಿನದ ಲೆಕ್ಕದಲ್ಲಿ 20. ಬೆಂಗಳೂರು ಆಫೀಸಿನ ರಜಾಪಟ್ಟಿ ಇಟ್ಟುಕೊಂಡು ಪುಣೆಯ ಕೊನೆಯ ದಿನ ಹುಡುಕಿದರೆ ಇಂಥಲ್ಲೇ ತಪ್ಪುತ್ತದೆ.

ಬೇಗ ಬಿಡಬೇಕೆಂದರೆ ಉಳಿದ ದಿನಕ್ಕೆ ಹಣ ಕಟ್ಟುವ ಬೈಔಟ್ ಇದೆ. ಜನವರಿ 30ಕ್ಕೆ ಬಿಡುಗಡೆ ಬೇಕಿದ್ದರೆ ಕಡಿಮೆಯಾಗುವುದು 31ರಿಂದ ಫೆಬ್ರುವರಿ 15ರವರೆಗೆ, 16 ದಿನ. ಅದರಲ್ಲಿ ಆಫೀಸಿನ ದಿನ ಹತ್ತೇ ಇದ್ದರೂ ಹಣ ಹಿಡಿಯುವುದು ಸಾಮಾನ್ಯವಾಗಿ ಹದಿನಾರಕ್ಕೆ, ಯಾಕೆಂದರೆ ನೋಟಿಸ್ ಇರುವುದೇ ಕ್ಯಾಲೆಂಡರ್ ದಿನದಲ್ಲಿ. ದಿನದ ದರ ಮೂಲ ವೇತನದ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದು ಪತ್ರದಲ್ಲಿರುತ್ತದೆ.

ತಾರೀಖನ್ನು ಬರಹದಲ್ಲಿ ಕಟ್ಟಿಹಾಕುವುದು

ಆ ರಾತ್ರಿಯೇ ಮೇಲ್ ಬರೆಸಿದೆ. ಆಫೀಸಿನ ಇಂಗ್ಲಿಷಿನಲ್ಲೇ ಬರೆಯಿರಿ, ಒಳಗೆ ಇಷ್ಟಿರಲಿ: ನಾನು ನವೆಂಬರ್ 17ಕ್ಕೆ ರಾಜೀನಾಮೆ ಕೊಟ್ಟಿದ್ದೇನೆ, ನೇಮಕಾತಿ ಪತ್ರದ ಇಂಥ ಕಲಮಿನ ಪ್ರಕಾರ ನೋಟಿಸ್ 90 ದಿನ, 18 ಒಂದನೆಯ ದಿನವಾದರೆ ತೊಂಬತ್ತನೆಯ ದಿನ ಫೆಬ್ರುವರಿ 15, ಪೋರ್ಟಲ್ 17 ಎಂದು ತೋರಿಸುತ್ತಿದೆ, ಅದು ಮೂರು ತಿಂಗಳ ಲೆಕ್ಕ, ದಯವಿಟ್ಟು ರಿಲೀವಿಂಗ್ ಡೇಟ್ 15 ಎಂದು ತಿದ್ದಿ ಖಚಿತಪಡಿಸಿ, 13ಕ್ಕೆ ಎಲ್ಲ ಸಾಮಾನು ಒಪ್ಪಿಸುತ್ತೇನೆ. ನವೆಂಬರ್ 13, ಡಿಸೆಂಬರ್ 31, ಜನವರಿ 31, ಫೆಬ್ರುವರಿ 15, ಒಟ್ಟು 90 ಎಂದು ಕೂಡಿಸಿದ ಒಂದು ಸಾಲನ್ನೂ ಸೇರಿಸಿದೆವು. ಎಚ್‌ಆರ್‌ನವರ ಮುಂದೆ ಒಂದೇ ದಿನ ಹತ್ತಾರು ರಾಜೀನಾಮೆ ಇರುತ್ತವೆ. ಲೆಕ್ಕ ಕಣ್ಣೆದುರು ಕಂಡರೆ ಅವರೂ ಒಪ್ಪುವುದು ಬೇಗ.

ಮೂರನೆಯ ದಿನ ಪೋರ್ಟಲ್‌ನಲ್ಲಿ 15 ಎಂದು ಬಂತು. ಅವನು ಅದರ ಸ್ಕ್ರೀನ್‌ಶಾಟ್ ನನಗೂ ಕಳಿಸಿದ. ರಿಲೀವಿಂಗ್ ಲೆಟರ್ ಕೈಗೆ ಬಂದಾಗ ಅದರಲ್ಲಿನ ತಾರೀಖನ್ನು ಇದರೊಂದಿಗೆ ಹೋಲಿಸು, ಫುಲ್ ಅಂಡ್ ಫೈನಲ್ ಲೆಕ್ಕದಲ್ಲಿ ಫೆಬ್ರುವರಿಗೆ 15 ದಿನದ ಸಂಬಳ ಇದೆಯೇ ನೋಡು, ಒಂದೆರಡು ತಿಂಗಳ ನಂತರ ಪಿಎಫ್ ಖಾತೆಯ ಸೇವಾ ವಿವರದಲ್ಲಿ ಬಿಟ್ಟ ತಾರೀಖು ಅದೇ ಇದೆಯೇ ತೆಗೆದು ನೋಡು ಎಂದು ಹೇಳಿ ಕಳಿಸಿದೆ. ಮೂರರಲ್ಲಿ ಒಂದು ಕಡೆ 13 ಎಂದು ಉಳಿದುಬಿಟ್ಟಿದ್ದರೂ ತಿದ್ದಿಸಿಕೊಳ್ಳಲು ಆ ಸ್ಕ್ರೀನ್‌ಶಾಟ್ ಬೇಕಾಗುತ್ತದೆ.